ನೆಪೋಟಿಸಂ: ಸೋದರಳಿಯನಿಂದ ಹುಟ್ಟಿದ ಪದ, ನೇಮಕಾತಿ ಸುದ್ದಿಯಲ್ಲಿ ಅದರ ಬಳಕೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಏಜೆನ್ಸಿ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗ ಹುಡುಗಿಯರೂ ಓದುಗರೂ ಈ ಒಂದು ಪದದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನೆಪೋಟಿಸಂ ಅಂದರೆ ಚುಟುಕಾಗಿ ಏನು?

ಹುದ್ದೆ ಕೊಡುವ ಅಧಿಕಾರ ಇರುವವರು ಆ ಹುದ್ದೆಯನ್ನು ತಮ್ಮ ನೆಂಟರಿಗೆ, ನೆಂಟಸ್ತಿಕೆಯ ಕಾರಣಕ್ಕೇ ಕೊಡುವುದು. ಇದರಲ್ಲಿ ಮೂರು ಅಂಶಗಳಿವೆ: ಕೊಡುವ ಅಧಿಕಾರ, ರಕ್ತದ ಅಥವಾ ಮದುವೆಯ ಸಂಬಂಧ, ಮತ್ತು ಆ ಸಂಬಂಧವೇ ಕಾರಣವಾಗಿರುವುದು. ಸುದ್ದಿಯಲ್ಲಿ ಮೊದಲ ಎರಡು ಸುಲಭವಾಗಿ ಸಿಗುತ್ತವೆ. ಮೂರನೆಯದನ್ನು ತೋರಿಸುವುದೇ ಕಷ್ಟ. ಹೆಚ್ಚಿನ ಸುದ್ದಿಗಳು ಅದನ್ನು ತೋರಿಸುವುದೂ ಇಲ್ಲ, ಓದುಗ ತಾನೇ ಊಹಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತವೆ.

ಮೂಲ ಲ್ಯಾಟಿನ್ ಪದಕ್ಕೆ ಒಬ್ಬರು ಸೋದರಳಿಯ ಅನ್ನುತ್ತಾರೆ, ಇನ್ನೊಬ್ಬರು ಮೊಮ್ಮಗ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಲ್ಯಾಟಿನ್ನಿನ ‘ನೆಪೋಸ್’ ಪದದ ಹಳೆಯ ಅರ್ಥ ಮೊಮ್ಮಗ. ಕಾಲ ಕಳೆದಂತೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಗನಿಗೂ ಅದೇ ಪದ ನಡೆಯಿತು. ಇದರಿಂದ ಬಂದ ಇಟಾಲಿಯನ್ನಿನ ‘ನಿಪೋತೆ’ ಇವತ್ತಿಗೂ ಎರಡನ್ನೂ ಹೇಳುತ್ತದೆ. ಇಟಲಿಯ ಮುದುಕರೊಬ್ಬರು ‘ನನ್ನ ನಿಪೋತೆ’ ಎಂದರೆ ಮೊಮ್ಮಗನೋ ತಂಗಿಯ ಮಗನೋ ಎಂದು ಮಾತಿನ ಸಂದರ್ಭದಿಂದಲೇ ತಿಳಿಯಬೇಕು. ಈ ನಿಪೋತೆಗೆ ಬಾಲ ಸೇರಿ ‘ನಿಪೋತಿಸ್ಮೊ’ ಆಯಿತು. ಫ್ರೆಂಚ್, ಇಂಗ್ಲಿಷ್ ಭಾಷೆಗಳಿಗೆ ಹೋದದ್ದು ಅದೇ.

ಲ್ಯಾಟಿನ್ನಿನಲ್ಲಿ ನೆಪೋಸ್ ಪದಕ್ಕೆ ‘ದುಂದುಗಾರ’ ಎಂಬ ಅರ್ಥವೂ ಇತ್ತು. ಅಜ್ಜ ಗಳಿಸಿದ್ದನ್ನು ಮೊಮ್ಮಗ ಉಡಾಯಿಸುವುದು ರೋಮಿನಲ್ಲೂ ಇತ್ತು ಎಂದುಕೊಳ್ಳಿ.

ಸಂಸ್ಕೃತದ ‘ನಪ್ತೃ’ಗೂ ಇದಕ್ಕೂ ಸಂಬಂಧ ಇದೆಯೇ? ವಾಟ್ಸಾಪಿನಲ್ಲಿ ಬಂದಿತ್ತು.

ಅಪರೂಪಕ್ಕೆ ವಾಟ್ಸಾಪು ನಿಜ ಹೇಳಿದೆ. ಮೊಮ್ಮಗ, ವಂಶದವ ಎಂಬ ಅರ್ಥದ ಸಂಸ್ಕೃತದ ನಪಾತ್, ನಪ್ತೃ ಪದಗಳೂ ಲ್ಯಾಟಿನ್ನಿನ ನೆಪೋಸ್ ಪದವೂ ಒಂದೇ ಬೇರಿನವು. ಋಗ್ವೇದದಲ್ಲಿ ಬರುವ ‘ಅಪಾಂ ನಪಾತ್’ ಎಂಬ ದೇವತೆಯ ಹೆಸರಿನಲ್ಲಿರುವ ನಪಾತ್ ಇದೇ. ಬೆಳಗಾವಿ ಕಡೆಯವರು ಮರಾಠಿಯಲ್ಲಿ ಮೊಮ್ಮಗನಿಗೆ ‘ನಾತೂ’ ಅನ್ನುವುದನ್ನು ಕೇಳಿರುತ್ತಾರೆ, ಅದು ನಪ್ತೃವಿನಿಂದ ಬಂದದ್ದು. ಆದರೆ ಲ್ಯಾಟಿನ್ ಪದ ಸಂಸ್ಕೃತದಿಂದ ಹುಟ್ಟಿತು ಎಂದು ಮುಂದಕ್ಕೆ ಎಳೆಯಬೇಡಿ. ಎರಡಕ್ಕೂ ತಾಯಿಬೇರು ಒಂದು, ಅಷ್ಟೇ.

ಅಧಿಕಾರಸ್ಥರು ಹೆಚ್ಚಾಗಿ ಮಗನನ್ನೇ ಮುಂದೆ ತರುತ್ತಾರೆ. ಹಾಗಿರುವಾಗ ಪದ ಸೋದರಳಿಯನ ಹೆಸರಿನಲ್ಲಿ ಏಕಿದೆ?

ಪದ ಹುಟ್ಟಿದ ಮನೆಯಲ್ಲಿ ಮಗ ಇರುವಂತಿರಲಿಲ್ಲ. ಆ ಮನೆ ರೋಮಿನ ಪೋಪ್‌ಗಳದ್ದು.

ಪೋಪ್ ಎಂದರೆ ಆಗ ಧರ್ಮಗುರು ಮಾತ್ರವಲ್ಲ, ಮಧ್ಯ ಇಟಲಿಯ ದೊಡ್ಡ ಭಾಗವನ್ನು ಆಳುವ ಅರಸನೂ ಹೌದು. ಆದರೆ ಅದು ಚುನಾಯಿತ ಅರಸೊತ್ತಿಗೆ. ಗೆದ್ದು ಬರುವ ಹೊತ್ತಿಗೆ ಸಾಮಾನ್ಯವಾಗಿ ವಯಸ್ಸಾಗಿರುತ್ತಿತ್ತು. ಆರಿಸಿದ ಕಾರ್ಡಿನಲ್ ಎಂಬ ಹಿರಿಯ ಪಾದ್ರಿಗಳಲ್ಲಿ ಹಲವರು ಎದುರಾಳಿ ಮನೆತನದವರು, ಹಿಂದಿನ ಪೋಪರ ಕೈಯಲ್ಲಿ ಬೆಳೆದವರು. ಅವರ ನಡುವೆ ಹೊಸಬ ಒಂಟಿ. ನಂಬಿ ಪತ್ರ ಬರೆಸಲು, ಖಜಾನೆ ನೋಡಿಕೊಳ್ಳಲು ಒಬ್ಬ ಬೇಕು. ಬ್ರಹ್ಮಚರ್ಯದ ವ್ರತ ಇದ್ದುದರಿಂದ ಅಧಿಕೃತವಾಗಿ ಮಕ್ಕಳಿಲ್ಲ. ಹಾಗಾಗಿ ಅಕ್ಕನ ಮಗನನ್ನೋ ತಮ್ಮನ ಮಗನನ್ನೋ ಕರೆಸಿ ಕಾರ್ಡಿನಲ್ ಮಾಡುವುದು ವಾಡಿಕೆಯಾಯಿತು. ‘ಕಾರ್ಡಿನಲ್ ನೆಪೋಸ್’ ಎಂದರೆ ಅಡ್ಡಹೆಸರಲ್ಲ, ಅದಕ್ಕೊಂದು ಸ್ಥಾನಮಾನವೇ ಇತ್ತು. ಆತ ಸುಮಾರಾಗಿ ಪೋಪರ ಪ್ರಧಾನಮಂತ್ರಿ. ನಂಬಿಕೆಯ ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು: ಪೋಪ್ ತೀರಿಕೊಂಡರೆ ಗಾದಿ ಬೇರೆ ಮನೆತನಕ್ಕೆ ಹೋಗುತ್ತದೆ, ಅಷ್ಟರೊಳಗೆ ನಮ್ಮ ಮನೆಗೆ ಜಹಗೀರು, ಆದಾಯ ಆಗಬೇಕು.

ಒಂದು ಮನೆತನವನ್ನು ಹಿಡಿದು ನೋಡಿದರೆ ಇದು ಹೇಗೆ ನಡೆಯಿತೆಂದು ಗೊತ್ತಾಗುತ್ತದೆ. 1455ರಲ್ಲಿ ಪೋಪ್ ಆದ ಮೂರನೇ ಕ್ಯಾಲಿಕ್ಸ್‌ಟಸ್ ಸ್ಪೇನಿನ ಬೋರ್ಜಾ ಮನೆತನದವರು, ರೋಮಿಗೆ ಹೊರಗಿನವರು. ಮರುವರ್ಷವೇ ಇಬ್ಬರು ಸೋದರಳಿಯಂದಿರನ್ನು ಕಾರ್ಡಿನಲ್ ಮಾಡಿದರು. ಅವರಲ್ಲಿ ಒಬ್ಬ ತಂಗಿ ಇಸಾಬೆಲ್‌ಳ ಮಗ ರೊಡ್ರಿಗೊ, ವಯಸ್ಸು 25. ಮಾವ 1458ರಲ್ಲೇ ತೀರಿಕೊಂಡರೂ ರೊಡ್ರಿಗೊ ಅಲ್ಲೇ ಬೇರೂರಿ, 1492ರಲ್ಲಿ ಆರನೇ ಅಲೆಕ್ಸಾಂಡರ್ ಎಂಬ ಹೆಸರಿನಲ್ಲಿ ತಾನೇ ಪೋಪ್ ಆದ. ಮರುವರ್ಷ ತನ್ನ ಸ್ವಂತ ಮಗ ಚೇಸರೆಯನ್ನು ಕಾರ್ಡಿನಲ್ ಮಾಡಿದ. ಅಳಿಯನ ದಾರಿಯಲ್ಲಿ ಮಗ ಬಂದದ್ದು ಹೀಗೆ.

1534ರ ಅಕ್ಟೋಬರಿನಲ್ಲಿ ಪೋಪ್ ಆದ ಮೂರನೇ ಪೌಲ್ ಡಿಸೆಂಬರ್ ದಾಟಲು ಬಿಡಲಿಲ್ಲ. ಮಗನ ಮಗ ಅಲೆಸ್ಸಾಂದ್ರೊ, ಮಗಳ ಮಗ ಗುಯಿದೊ ಅಸ್ಕಾನಿಯೊ, ಇಬ್ಬರಿಗೂ ಕಾರ್ಡಿನಲ್‌ನ ಕೆಂಪು ಟೋಪಿ. ಒಬ್ಬನಿಗೆ 14 ವರ್ಷ, ಇನ್ನೊಬ್ಬನಿಗೆ 16. ನಮ್ಮಲ್ಲಾದರೆ ಒಬ್ಬ ಎಸ್ಸೆಸ್ಸೆಲ್ಸಿ, ಇನ್ನೊಬ್ಬ ಪಿಯುಸಿ. ಇಲ್ಲಿ ನೆಪೋಸ್ ಪದ ತನ್ನ ಹಳೆಯ ಅರ್ಥಕ್ಕೆ, ಮೊಮ್ಮಗನಿಗೆ, ಮರಳಿದಂತಾಯಿತು.

ಹಾಗಾದರೆ ಅದು ತಪ್ಪು ಎಂದು ಯಾವಾಗ ಅನ್ನಿಸಿತು?

ಗೊಣಗಾಟ ಹಿಂದಿನಿಂದಲೂ ಇತ್ತು. ಬೈಗುಳವಾಗಿ ಪದ ಊರೂರು ಸುತ್ತಿದ್ದು 17ನೇ ಶತಮಾನದಲ್ಲಿ. ಗ್ರೆಗೋರಿಯೊ ಲೇತಿ ಎಂಬ ಇಟಾಲಿಯನ್ ಲೇಖಕ ಪೋಪರ ನೆಂಟರ ಕಥೆಗಳನ್ನೇ ಸೇರಿಸಿ, ಶೀರ್ಷಿಕೆಯಲ್ಲೇ ನಿಪೋತಿಸ್ಮೊ ಎಂದಿಟ್ಟು 1667ರಲ್ಲಿ ಪುಸ್ತಕ ಹೊರತಂದ. ಎರಡೇ ವರ್ಷದಲ್ಲಿ ಇಂಗ್ಲಿಷಿಗೂ ಬಂತು. 1692ರಲ್ಲಿ ಪೋಪ್ ಹನ್ನೆರಡನೇ ಇನ್ನೊಸೆಂಟ್ ಒಂದು ಆಜ್ಞೆ ಹೊರಡಿಸಿ, ಪೋಪರು ನೆಂಟರಿಗೆ ಆಸ್ತಿ, ಹುದ್ದೆ, ಆದಾಯ ಕೊಡುವುದನ್ನು ನಿಷೇಧಿಸಿದರು. ಹೆಚ್ಚೆಂದರೆ ಒಬ್ಬ ನೆಂಟ, ಅದೂ ಯೋಗ್ಯನಾಗಿದ್ದರೆ, ಕಾರ್ಡಿನಲ್ ಆಗಬಹುದು ಎಂದಾಯಿತು. ಅಳಿಯಂದಿರು ನೋಡಿಕೊಳ್ಳುತ್ತಿದ್ದ ಕೆಲಸ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಅಧಿಕಾರಿಯ ಕೈಗೆ ಹೋಯಿತು.

‘ಯೋಗ್ಯನಾಗಿದ್ದರೆ ಒಬ್ಬ’ ಎಂಬ ಕಿಂಡಿಯನ್ನು ಗಮನಿಸಿ. ಇಂದಿನ ನೇಮಕಾತಿ ಜಗಳಗಳೆಲ್ಲ ನಡೆಯುವುದು ಆ ಕಿಂಡಿಯ ಬಳಿಯೇ.

ಇಂಗ್ಲಿಷ್ ಸುದ್ದಿಯ ‘ನೆಫ್ಯೂ’ ಕನ್ನಡದಲ್ಲಿ ಅಳಿಯ ತಾನೇ? ಅಷ್ಟಕ್ಕೆ ಇಷ್ಟು ತಲೆಬಿಸಿ ಏಕೆ?

ತಲೆಬಿಸಿ ಇರುವುದೇ ಇಲ್ಲಿ. ರಾತ್ರಿ ಹನ್ನೊಂದು ಗಂಟೆ, ಮುಖಪುಟ ಇನ್ನು ಇಪ್ಪತ್ತು ನಿಮಿಷದಲ್ಲಿ ಹೋಗಬೇಕು. ಇಂಗ್ಲಿಷ್ ಕಾಪಿಯಲ್ಲಿ ‘ಅಧ್ಯಕ್ಷರ ನೆಫ್ಯೂಗೆ ನಿಗಮದಲ್ಲಿ ಹುದ್ದೆ’ ಎಂದಿದೆ. ಹೊಸ ಹುಡುಗಿ ‘ಅಳಿಯನಿಗೆ ಹುದ್ದೆ’ ಎಂದು ಹೆಡ್ಡಿಂಗ್ ಕೊಟ್ಟಳು. ಚೆನ್ನಾಗಿಯೇ ಇತ್ತು, ಎರಡು ಕಾಲಂಗೆ ಸರಿಯಾಗಿ ಕೂರುತ್ತಿತ್ತು. ನಾನು ಜಿಲ್ಲಾ ವರದಿಗಾರರಿಗೆ ಫೋನ್ ಹಚ್ಚಿದೆ.

‘ರೀ, ಅದು ಅಕ್ಕನ ಮಗನಾ, ಅಣ್ಣನ ಮಗನಾ?’

‘ಏನ್ ಸಾರ್, ಇಷ್ಟೊತ್ತಲ್ಲಿ. ಅಣ್ಣನ ಮಗ.’

‘ಅಳಿಯ’ ಎಂದು ಅಚ್ಚಾಗಿದ್ದರೆ ಬೆಳಿಗ್ಗೆ ಅರ್ಧ ಊರು ಅದನ್ನು ಮಗಳ ಗಂಡ ಎಂದು ಓದುತ್ತಿತ್ತು. ಕನ್ನಡದಲ್ಲಿ ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇರುವ ನಮ್ಮಲ್ಲಿ ಇಬ್ಬರೂ ಒಬ್ಬನೇ ಆಗಬಹುದು. ಅಣ್ಣನ ಮಗನಾದರೋ ಅಳಿಯನೇ ಅಲ್ಲ, ಅವನು ಮಗನ ಸಾಲಿನವನು, ಕರೆಯುವುದು ದೊಡ್ಡಪ್ಪ ಚಿಕ್ಕಪ್ಪ ಎಂದು. ಇಂಗ್ಲಿಷಿನ ಒಂದು ಪದ ನಮ್ಮಲ್ಲಿ ಎರಡಾಗಿ ಒಡೆಯುತ್ತದೆ, ನಮ್ಮ ಒಂದು ಪದ ಅವರಲ್ಲಿ ಎರಡಾಗುತ್ತದೆ. ಹಾಗಾಗಿ ‘ಅಣ್ಣನ ಮಗ’, ‘ತಂಗಿಯ ಮಗ’, ‘ಮಗಳ ಗಂಡ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ. ಹೆಡ್ಡಿಂಗ್ ಉದ್ದವಾದರೆ ಅಕ್ಷರ ಸಣ್ಣದಾಗಲಿ.

ಕರಾವಳಿಯವರು ಇಲ್ಲಿ ಅಳಿಯಸಂತಾನ ಕಟ್ಟನ್ನು ನೆನಪಿಸುತ್ತಾರೆ. ಅಲ್ಲಿ ಆಸ್ತಿ ಸೋದರಿಯ ಮಕ್ಕಳ ಕಡೆ ಹರಿಯುತ್ತಿದ್ದುದು ಹಕ್ಕಿನಿಂದ, ಮಾವನ ಕೃಪೆಯಿಂದಲ್ಲ. ಸೋದರಳಿಯ ಎಂಬ ಹೋಲಿಕೆಯೊಂದನ್ನು ಬಿಟ್ಟರೆ ಪೋಪರ ವಾಡಿಕೆಗೂ ಅದಕ್ಕೂ ನಂಟಿಲ್ಲ.

ನೆಪೋಟಿಸಂಗೆ ‘ಸ್ವಜನಪಕ್ಷಪಾತ’ ಸರಿಯಾದ ಪದವೇ?

ಬಳಕೆಯಲ್ಲಿ ಗಟ್ಟಿಯಾಗಿ ಕೂತಿದೆ, ನಾನೂ ಬರೆಯುತ್ತೇನೆ. ಆದರೆ ಅದು ಮೂಲಕ್ಕಿಂತ ಅಗಲ. ‘ಸ್ವಜನ’ ಎಂದರೆ ನನ್ನವರು. ಕುರುಕ್ಷೇತ್ರದಲ್ಲಿ ಅರ್ಜುನ ಸ್ವಜನ ಎಂದು ಕಂಡವರಲ್ಲಿ ಮಾವಂದಿರು, ಮೊಮ್ಮಕ್ಕಳ ಜೊತೆ ಗುರುಗಳೂ ಗೆಳೆಯರೂ ಇದ್ದರು. ಇವತ್ತಿನ ಸುದ್ದಿಯಲ್ಲೂ ಹಾಗೆಯೇ: ಮಂತ್ರಿ ಮಗನಿಗೆ ಹುದ್ದೆ ಕೊಟ್ಟರೂ ಸ್ವಜನಪಕ್ಷಪಾತ, ಸ್ವಜಾತಿಯವರಿಗೆ ಕೊಟ್ಟರೂ ಸ್ವಜನಪಕ್ಷಪಾತ, ಊರಿನವರಿಗೆ, ಪಕ್ಷದವರಿಗೆ, ಕಾಲೇಜಿನ ಗೆಳೆಯರಿಗೆ ಕೊಟ್ಟರೂ ಅದೇ. ಇಂಗ್ಲಿಷಿನವರು ಗೆಳೆಯರಿಗೆ ಕೊಡುವುದಕ್ಕೆ ಕ್ರೋನಿಯಿಸಂ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ.

ನೆರೆಹೊರೆಯ ಭಾಷೆಗಳನ್ನು ನೋಡಿ. ಹಿಂದಿಯ ‘ಭಾಯಿ-ಭತೀಜಾವಾದ’ದಲ್ಲಿ ಅಣ್ಣತಮ್ಮನೂ ಅವನ ಮಗನೂ ಹೆಸರಿನಲ್ಲೇ ನಿಂತಿದ್ದಾರೆ. ಮಲಯಾಳಂ ಪತ್ರಿಕೆಗಳದ್ದು ಇನ್ನೂ ನೇರ: ‘ಬಂಧುನಿಯಮನಂ’. ಅಲ್ಲಿ ನಿಯಮನ ಎಂದರೆ ನೇಮಕ, ಅಂದರೆ ನೆಂಟರ ನೇಮಕ. ಯಾರಿಗೆ, ಏನು ಎಂಬ ಎರಡೂ ಒಂದೇ ಪದದಲ್ಲಿ ಬಂದುಬಿಟ್ಟವು. ಕನ್ನಡದ ಪದ ಸಂಬಂಧವನ್ನೂ ಹೇಳುವುದಿಲ್ಲ, ಕೃತ್ಯವನ್ನೂ ಹೇಳುವುದಿಲ್ಲ, ಮನಸ್ಸಿನ ಒಲವನ್ನು ಮಾತ್ರ ಹೇಳುತ್ತದೆ. ಒಲವನ್ನು ಸಾಬೀತು ಮಾಡುವುದು ಹೇಗೆ? ನೆಂಟಸ್ತಿಕೆಯನ್ನಾದರೆ ದಾಖಲೆ ಇಟ್ಟು ತೋರಿಸಬಹುದು. ಅದಕ್ಕೇ ಸ್ವಜನಪಕ್ಷಪಾತ ಎಂದು ಬರೆದ ಮುಂದಿನ ವಾಕ್ಯದಲ್ಲೇ ಸಂಬಂಧ ಏನೆಂದು ಬರಬೇಕು ಎಂಬುದು ನನ್ನ ಹಟ. ಸಂಬಂಧ ಗೊತ್ತಿಲ್ಲದಿದ್ದರೆ ಆ ಪದವೂ ಬೇಡ.

ಒಂದು ನಿಜವಾದ ಸುದ್ದಿಯನ್ನು ತೆಗೆದುಕೊಂಡು ಹೇಳಿ.

ಕೇರಳದ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡೋಣ, ಬಂಧುನಿಯಮನ ಎಂಬ ಪದ ಹೆಚ್ಚು ಓಡಾಡಿದ್ದೂ ಅವುಗಳಲ್ಲೇ.

ಮೊದಲನೆಯದು 2016ರದ್ದು. ಮೇ ತಿಂಗಳಲ್ಲಿ ಎಡರಂಗ ಸರ್ಕಾರ ಬಂತು, ಇ.ಪಿ. ಜಯರಾಜನ್ ಕೈಗಾರಿಕಾ ಸಚಿವರಾದರು. ಅವರ ಇಲಾಖೆಗೆ ಸೇರಿದ ಸರ್ಕಾರಿ ಕಂಪನಿಯೊಂದಕ್ಕೆ ವ್ಯವಸ್ಥಾಪಕ ನಿರ್ದೇಶಕರಾಗಿ ಹೊಸಬರೊಬ್ಬರ ನೇಮಕವಾಯಿತು. ಇಂಗ್ಲಿಷ್ ಪತ್ರಿಕೆಗಳು ‘ಸಚಿವರ ನೆಫ್ಯೂ’ ಎಂದವು. ಬಿಡಿಸಿ ನೋಡಿದರೆ ಅವರು ಸಚಿವರ ಹೆಂಡತಿಯ ಸೋದರಿಯ ಮಗ. ಆ ಸೋದರಿ ಪಿ.ಕೆ. ಶ್ರೀಮತಿ ಆಗ ಸಂಸದೆ, ಹಿಂದೆ ಸಚಿವೆಯೂ ಆಗಿದ್ದವರು. ‘ಅಳಿಯ’ ಎಂದು ತರ್ಜುಮೆ ಮಾಡಿದ್ದರೆ ಸಂಬಂಧವೇ ಬದಲಾಗುತ್ತಿತ್ತು, ಸುದ್ದಿಯ ಅರ್ಧ ತೂಕವಾದ ತಾಯಿಯ ಹೆಸರೂ ಬಿಟ್ಟುಹೋಗುತ್ತಿತ್ತು. ಗಲಾಟೆಯಾದ ಮೇಲೆ ನೇಮಕ ರದ್ದಾಯಿತು. ಅಕ್ಟೋಬರ್ 14ರಂದು ಸಚಿವರು ರಾಜೀನಾಮೆ ಕೊಟ್ಟರು.

ಆ ದಿನದ ಸುದ್ದಿಯನ್ನಷ್ಟೇ ಓದಿದವರಿಗೆ ಕಥೆ ಅಲ್ಲಿಗೆ ಮುಗಿಯಿತು. ಆದರೆ ವಿಜಿಲೆನ್ಸ್ ಹೂಡಿದ ಪ್ರಕರಣ ಮುಂದೆ ನಿಲ್ಲಲಿಲ್ಲ. ನೇಮಕವೇ ರದ್ದಾಗಿದ್ದರಿಂದ ಯಾರಿಗೂ ಲಾಭವಾಗಿಲ್ಲ ಎಂಬ ಲೆಕ್ಕಕ್ಕೆ ಬಂದು ಕೈಬಿಡಲಾಯಿತು. 2018ರ ಆಗಸ್ಟಿನಲ್ಲಿ ಜಯರಾಜನ್ ಮತ್ತೆ ಸಚಿವರಾದರು. ರಾಜೀನಾಮೆಗೆ ಕಾರಣವಾಗಲು ನೆಂಟಸ್ತಿಕೆ ಸಾಕಾಯಿತು, ಭ್ರಷ್ಟಾಚಾರದ ಪ್ರಕರಣಕ್ಕೆ ಸಾಕಾಗಲಿಲ್ಲ. ನೆಪೋಟಿಸಂ ಎಂಬುದು ನಮ್ಮಲ್ಲಿ ಅದೇ ಹೆಸರಿನ ಒಂದು ಅಪರಾಧವಲ್ಲ. ಕೋರ್ಟಿನ ಮುಂದೆ ಅದು ಅಧಿಕಾರ ದುರ್ಬಳಕೆ, ಸಮಾನ ಅವಕಾಶದ ಉಲ್ಲಂಘನೆ ಎಂಬಂಥ ಬೇರೆ ಬಟ್ಟೆ ಹಾಕಿಕೊಂಡೇ ಬರಬೇಕು.

ಎರಡನೆಯದು ಅದೇ ಸರ್ಕಾರದ ಇನ್ನೊಬ್ಬ ಸಚಿವ ಕೆ.ಟಿ. ಜಲೀಲ್ ಅವರದ್ದು. ಅವರ ಸಂಬಂಧಿಕರೊಬ್ಬರು ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮದ ಜನರಲ್ ಮ್ಯಾನೇಜರ್ ಆಗಿ, ಡೆಪ್ಯುಟೇಶನ್ ಮೇಲೆ, 2018ರಲ್ಲಿ ಬಂದರು. ಗಲಾಟೆಯೆದ್ದಾಗ ಅವರೂ ಹುದ್ದೆ ಬಿಟ್ಟರು. ಆದರೆ ಇಲ್ಲಿ ಇನ್ನೊಂದು ಕಾಗದ ಇತ್ತು: ನೇಮಕಕ್ಕೆ ಮುಂಚೆ ಆ ಹುದ್ದೆಯ ವಿದ್ಯಾರ್ಹತೆಯನ್ನೇ ಬದಲಿಸಿದ ಆದೇಶ. ದೂರು ಲೋಕಾಯುಕ್ತಕ್ಕೆ ಹೋಯಿತು. 2021ರ ಏಪ್ರಿಲ್ 9ರಂದು ಲೋಕಾಯುಕ್ತ, ಸಚಿವರು ಅಧಿಕಾರ ದುರ್ಬಳಕೆ ಮಾಡಿದ್ದಾರೆ, ಪಕ್ಷಪಾತ ಮತ್ತು ನೆಪೋಟಿಸಂ ಎಸಗಿದ್ದಾರೆ, ಹುದ್ದೆಯಲ್ಲಿ ಮುಂದುವರಿಯಬಾರದು ಎಂದು ಹೇಳಿತು. ವಿಧಾನಸಭೆಗೆ ಮತದಾನ ಮುಗಿದು ಮೂರು ದಿನವಾಗಿತ್ತು, ಆ ಸರ್ಕಾರದ ಅವಧಿ ಉಳಿದದ್ದೇ ಕೆಲವು ವಾರ. ಆದರೂ 13ರಂದು ರಾಜೀನಾಮೆ ಬಂತು. ಹೈಕೋರ್ಟೂ ಲೋಕಾಯುಕ್ತದ ವರದಿಯಲ್ಲಿ ಕೈಹಾಕಲಿಲ್ಲ.

ಎರಡರಲ್ಲೂ ನೆಂಟ ಇದ್ದ, ಎರಡರಲ್ಲೂ ನೆಂಟ ಹೊರನಡೆದ. ವ್ಯತ್ಯಾಸ ಮಾಡಿದ್ದು ಅರ್ಹತೆ ಬದಲಿಸಿದ ಆದೇಶ. ಹಾಗಾಗಿ ನೇಮಕಾತಿ ಸುದ್ದಿ ಬಂದರೆ ನಾನು ಮೊದಲು ಹುಡುಕುವುದು ಯಾರ ಮಗ ಎಂಬುದನ್ನಲ್ಲ. ಅಧಿಸೂಚನೆ ಯಾವತ್ತು ಹೊರಟಿತು, ಅರ್ಹತೆಯ ಕಲಂ ಕೊನೆಯ ಬಾರಿ ತಿದ್ದಿದ್ದು ಯಾವತ್ತು, ತಿದ್ದಿದ ಕಡತದಲ್ಲಿ ಸಹಿ ಯಾರದು ಎಂಬುದನ್ನು. ಹಳೆಯ ಅರ್ಹತೆಯಲ್ಲಿ ಸಲ್ಲದವರು ಹೊಸದರಲ್ಲಿ ಮಾತ್ರ ಸಲ್ಲುತ್ತಿದ್ದರೆ, ಮೊದಲ ಪ್ರಶ್ನೆಯಲ್ಲಿ ಹೇಳಿದ ಮೂರನೇ ಅಂಶ ಕಾಗದದ ಮೇಲೆ ಸಿಕ್ಕಂತೆ.

ನೆಂಟ ನಿಜಕ್ಕೂ ಅರ್ಹನಾಗಿದ್ದರೆ?

ಅಮೆರಿಕದವರು ಈ ವಾದವೇ ಬೇಡವೆಂದು ಇನ್ನೊಂದು ದಾರಿ ಹಿಡಿದರು. 1961ರಲ್ಲಿ ಅಧ್ಯಕ್ಷ ಜಾನ್ ಕೆನಡಿ ತಮ್ಮ ರಾಬರ್ಟ್‌ನನ್ನು ಅಟಾರ್ನಿ ಜನರಲ್ ಮಾಡಿದ್ದರು. 1967ರ ಕಾನೂನು, ಸರ್ಕಾರಿ ಅಧಿಕಾರಿ ತನ್ನ ಕೈಕೆಳಗಿನ ಸಂಸ್ಥೆಗೆ ನೆಂಟರನ್ನು ನೇಮಿಸುವಂತಿಲ್ಲ ಎಂದಿತು. ಅರ್ಹತೆಯ ಮಾತೇ ಇಲ್ಲ. ಯಾರು ನೆಂಟರು ಎಂಬ ಪಟ್ಟಿ ಕಾನೂನಿನಲ್ಲೇ ಇದೆ: ಮಕ್ಕಳು, ಒಡಹುಟ್ಟಿದವರು, ಅವರ ಮಕ್ಕಳು, ಗಂಡ ಹೆಂಡತಿಯ ಕಡೆಯವರು, ಮಲಮಕ್ಕಳು, ಹೀಗೆ. ಪಟ್ಟಿ ಇದ್ದರೂ ಬಿರುಕು ಇತ್ತು. 2017ರಲ್ಲಿ ಟ್ರಂಪ್ ತಮ್ಮ ಮಗಳ ಗಂಡನನ್ನು ಸಲಹೆಗಾರ ಮಾಡಿಕೊಂಡಾಗ, ಶ್ವೇತಭವನದ ಕಚೇರಿಯ ನೇಮಕಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ನ್ಯಾಯ ಇಲಾಖೆ ಅಭಿಪ್ರಾಯ ಕೊಟ್ಟಿತು. ಹಾಗಾಗಿ ಆ ಸುದ್ದಿಯಲ್ಲಿ ‘ನೆಪೋಟಿಸಂ ಕಾನೂನಿನ ಉಲ್ಲಂಘನೆ’ ಎಂದು ನೇರವಾಗಿ ಬರೆದವರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ‘ಉಲ್ಲಂಘನೆ ಎಂಬ ಟೀಕೆ’ ಎಂದಿದ್ದರೆ ಸಾಕಿತ್ತು.

ಅಪ್ಪ ತೀರಿಕೊಂಡ ಮೇಲೆ ಮಗಳಿಗೆ ಸಿಗುವ ಅನುಕಂಪದ ನೌಕರಿಯೂ ಇದೇ ಅಲ್ಲವೇ?

ಅಲ್ಲ. ಕರ್ನಾಟಕದಲ್ಲಿ ಅದಕ್ಕೆ 1996ರ ನಿಯಮಗಳಿವೆ, ಯಾರ ಮನೆಯವರಿಗಾದರೂ ಒಂದೇ ಅಳತೆ. ಸಂಬಂಧ ಇರುವುದು ತೀರಿಕೊಂಡ ನೌಕರನ ಜೊತೆ, ಸಹಿ ಹಾಕುವ ಅಧಿಕಾರಿಯ ಜೊತೆಗಲ್ಲ.

ಹತ್ತಿರದ ಹೋಲಿಕೆ ಬೇಕಾದರೆ ಹಳೆಯ ಶಾನುಭೋಗಿಕೆ, ಪಟೇಲಿಕೆ. ಅಪ್ಪನ ನಂತರ ಮಗ, ಅದೇ ಲೆಕ್ಕದ ಪುಸ್ತಕ. ಅದನ್ನು ವಂಶಪಾರಂಪರ್ಯ ಎನ್ನುತ್ತಾರೆ, ಅಲ್ಲಿ ಯಾರೂ ಕದ್ದುಮುಚ್ಚಿ ಒಲವು ತೋರಬೇಕಿರಲಿಲ್ಲ. ಆಂಧ್ರದ ಒಂದು ಗ್ರಾಮ ಮುನ್ಸೀಫ್ ಹುದ್ದೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರ ಹೊತ್ತಿಗೇ, ಹಿಂದಿನವರ ಕುಟುಂಬದಿಂದಲೇ ಆರಿಸಬೇಕೆಂಬ ಕಾನೂನು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದಿತು. ವಂಶದ ಆಧಾರದ ಮೇಲೆ ಸರ್ಕಾರಿ ಹುದ್ದೆಯಲ್ಲಿ ಭೇದ ಮಾಡಬಾರದು ಎಂದು ಅಲ್ಲಿ ಬರೆದಿದೆ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು, 1963ರಿಂದ ಆ ಪದ್ಧತಿ ಹೋಯಿತು.

ಶಾಸಕರ ಮಗನಿಗೆ ಪಕ್ಷದ ಟಿಕೆಟ್ ಸಿಕ್ಕರೆ? ನಟನ ಮಗಳಿಗೆ ಸಿನಿಮಾ ಸಿಕ್ಕರೆ?

ಟಿಕೆಟ್‌ಗೆ ‘ಕುಟುಂಬ ರಾಜಕಾರಣ’ ಎಂಬ ಸರಿಯಾದ ಪದ ಕನ್ನಡದಲ್ಲಿ ಇದೆ, ಅದನ್ನೇ ಬಳಸಿ. ಟಿಕೆಟ್ ಸಿಕ್ಕರೂ ಜನ ವೋಟು ಹಾಕಬೇಕು, ಹಾಗಾಗಿ ಅದು ನೇಮಕವಲ್ಲ. ಸಿನಿಮಾದವರ ವಿಷಯದಲ್ಲಿ ನಿರ್ಮಾಪಕರ ದುಡ್ಡು ಅವರದ್ದು. ‘ನೆಪೋ ಕಿಡ್’ ಎಂದು ರೇಗಿಸಬಹುದು, ಹುದ್ದೆಯ ಸುದ್ದಿಯ ಜೊತೆ ಒಂದೇ ಪುಟದಲ್ಲಿ ಕಟ್ಟುವುದು ಬೇಡ.

ನ್ಯಾಯಾಂಗದ ಸುದ್ದಿಯಲ್ಲಿ ‘ಅಂಕಲ್ ಜಡ್ಜ್’ ಎಂದು ಬರುತ್ತದಲ್ಲ?

ಭಾರತದ ಕಾನೂನು ಆಯೋಗ 2009ರ ತನ್ನ 230ನೇ ವರದಿಯಲ್ಲಿ ಬಳಸಿದ ಮಾತು ಅದು. ನೆಂಟರು ವಕೀಲಿಕೆ ಮಾಡುವ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗುವವರ ಬಗೆಗಿನದು. ಪೋಪರ ಕಾಲದಲ್ಲಿ ಅಳಿಯನ ಹೆಸರು ಹಿಡಿದು ಬೈದರು, ಇಲ್ಲಿ ಮಾವನ ಹೆಸರು ಹಿಡಿದಿದ್ದಾರೆ. ‘ಮಾವ ನ್ಯಾಯಮೂರ್ತಿ’ ಎಂದು ಅನುವಾದಿಸಲು ಹೋಗಬೇಡಿ, ಹೆಣ್ಣು ಕೊಟ್ಟ ಮಾವನಾಗಿಬಿಡುತ್ತಾರೆ.

ಕೊನೆಗೆ, ಬರೆಯುವುದು ನೆಪೋಟಿಸಂ ಎಂದೋ ನೆಪಾಟಿಸಂ ಎಂದೋ?

ಇಂಗ್ಲಿಷಿನವರ ಬಾಯಲ್ಲಿ ‘ನೆಪಟಿಸಂ’ಗೆ ಹತ್ತಿರ. ಕನ್ನಡದಲ್ಲಿ ನೆಪೋಟಿಸಂ ಎಂದು ರೂಢಿಯಾಗಿದೆ, ಲ್ಯಾಟಿನ್ನಿನ ನೆಪೋಸ್ ಪದದ ‘ಪೋ’ ಕೂಡ ಅದರಲ್ಲಿ ಉಳಿದಿದೆ. ನಮ್ಮ ಡೆಸ್ಕಿನಲ್ಲಿ ಇದೇ ಕಾಗುಣಿತ.